ಆಡಳಿತ ಮಂಡಳಿಯ ನಡವಳಿಯೂ ಉದ್ಯೋಗಿಯ ಸ್ಟಾಕ್ ಆಪ್ಷನ್ನೂ

ಖಾಸಗಿ ನವೋದ್ಯಮವೊಂದರಲ್ಲಿ ಉದ್ಯೋಗಿಗೆ ಸಿಗುವ ಸ್ಟಾಕ್ ಆಪ್ಷನ್, ಅಂದರೆ ಮುಂದೊಂದು ದಿನ ಕಂಪನಿಯ ಷೇರನ್ನು ಮೊದಲೇ ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕು, ನೇಮಕಾತಿ ಪತ್ರದ ಸಾಲಿನಿಂದ ಹುಟ್ಟುವುದಿಲ್ಲ; ಆಡಳಿತ ಮಂಡಳಿ ಅಥವಾ ಅದು ಅಧಿಕಾರ ಕೊಟ್ಟ ಸಮಿತಿಯು ನಿರ್ಣಯ ಮಾಡಿ ಅದನ್ನು ಮಂಜೂರು ಮಾಡಿದಾಗಲಷ್ಟೇ ಹುಟ್ಟುತ್ತದೆ. ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದಕ್ಕೆ ಲಿಖಿತ ಸಾಕ್ಷ್ಯವಾಗುವುದು ಸಭೆಯ ನಡವಳಿ. 2013ರ ಕಂಪನಿ ಕಾಯ್ದೆಯ 118ನೇ ಕಲಮಿನಂತೆ ಸಭೆ ಮುಗಿದ 30 ದಿನಗಳೊಳಗೆ ಅದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು.

ಅಂಕಣಕಾರರು ಹತ್ತಿರದಿಂದ ಬಲ್ಲ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ನವೋದ್ಯಮದ ಮಂಡಳಿ ಸಭೆಯಲ್ಲಿ ಮೂರು ವಿಷಯಗಳು ಒಟ್ಟಿಗೇ ಬಂದಿದ್ದವು: ವರ್ಷದ ಬಜೆಟ್, ನೇಮಕಾತಿ ಯೋಜನೆ ಮತ್ತು ಇಸಾಪ್ ಎಂದೇ ಕರೆಯಲಾಗುವ ಉದ್ಯೋಗಿ ಷೇರು ಯೋಜನೆಗೆ ಮೀಸಲಾದ ಷೇರುಗಳ ವಿಸ್ತರಣೆ. ಹೊಸಬರನ್ನು ಎಷ್ಟು ಮಂದಿ, ಯಾವ ದರ್ಜೆಗೆ ತೆಗೆದುಕೊಳ್ಳುವುದೆಂದು ನಿಶ್ಚಯವಾಗದೆ ಸಂಬಳದ ಬಾಬತ್ತನ್ನಾಗಲಿ, ಮೀಸಲು ಷೇರುಗಳ ಪ್ರಮಾಣವನ್ನಾಗಲಿ ಲೆಕ್ಕ ಹಾಕಲಾಗದು. ಆದ್ದರಿಂದ ಹೂಡಿಕೆದಾರರು ಈ ಮೂರನ್ನೂ ಜೊತೆಗಿಟ್ಟೇ ಪರಿಶೀಲಿಸುತ್ತಾರೆ. ಆ ಸಭೆಯಲ್ಲಿ ಬಜೆಟ್ಟಿಗೆ ಒಪ್ಪಿಗೆ ಸಿಕ್ಕರೂ ನೇಮಕಾತಿಯ ಎರಡನೇ ಕಂತನ್ನು ಆದಾಯದ ಗುರಿ ಮುಟ್ಟಿದ ಮೇಲೆಯೇ ಆರಂಭಿಸಬೇಕೆಂಬ ಷರತ್ತು ಬಿತ್ತು. ಕರಡು ನಡವಳಿಯಲ್ಲಿ ಆ ಷರತ್ತು ಬಿಟ್ಟುಹೋಗಿತ್ತು. ಸಭಾ ಮಾನದಂಡದ ಪ್ರಕಾರ 15 ದಿನಗಳಲ್ಲಿ ಕರಡು ನಿರ್ದೇಶಕರ ಕೈಸೇರಬೇಕು, ಅವರು 7 ದಿನಗಳಲ್ಲಿ ಆಕ್ಷೇಪ ತಿಳಿಸಬೇಕು. ಹೂಡಿಕೆದಾರರು ನಾಮನಿರ್ದೇಶನ ಮಾಡಿದ ನಿರ್ದೇಶಕರು ಆ ಅವಧಿಯಲ್ಲೇ ಷರತ್ತನ್ನು ಸೇರಿಸಿಸಿದರು.

ಆದರೆ ಆ ನಿರ್ದೇಶಕರು ಸಭೆಯಲ್ಲಿ ಕೈಯೆತ್ತಿದ ಮಾತ್ರಕ್ಕೆ ಹೂಡಿಕೆದಾರ ನಿಧಿಯ ಒಪ್ಪಿಗೆ ಸಿಕ್ಕಿತೆಂದು ಭಾವಿಸುವುದು ತಪ್ಪು. ನಿರ್ದೇಶಕರು ಕಂಪನಿಯ ಹಿತಕ್ಕೆ ಬದ್ಧರು. ನಿಧಿಯು ಷೇರುದಾರನಾಗಿ ತನ್ನ ಹಕ್ಕನ್ನು ಷೇರುದಾರರ ಒಪ್ಪಂದದಲ್ಲಿ ಬೇರೆಯಾಗಿಯೇ ಕಾಯ್ದಿರಿಸಿಕೊಂಡಿರುತ್ತದೆ. ಇಸಾಪ್ ಷೇರುಗಳನ್ನು ಹೆಚ್ಚಿಸುವುದು, ಬಜೆಟ್ಟಿನಿಂದ ಒಪ್ಪಿದ ಮಿತಿಗಿಂತ ಹೆಚ್ಚು ಆಚೀಚೆ ಹೋಗುವುದು ಮುಂತಾದ ವಿಷಯಗಳಿಗೆ ನಿಧಿಯ ಲಿಖಿತ ಒಪ್ಪಿಗೆ ಬೇಕೆಂದು ಅಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವುದರಿಂದ, ಆ ಪತ್ರ ಬಂದ ದಿನಾಂಕವನ್ನು ನಡವಳಿಯಲ್ಲಿ ಉಲ್ಲೇಖಿಸಿರುವುದು ಒಳ್ಳೆಯ ಕಂಪನಿಯ ಲಕ್ಷಣ.

ಉದ್ಯೋಗಿಯ ಕಿಸೆಗೆ ನೇರವಾಗಿ ತಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಸಾಪ್ ಯೋಜನೆಗೆ ಮಂಡಳಿಯ ಒಪ್ಪಿಗೆಯ ಮೇಲೆ ಷೇರುದಾರರ ನಿರ್ಣಯವೂ ಬೇಕು. ಖಾಸಗಿ ಕಂಪನಿಗೆ 2015ರ ವಿನಾಯಿತಿಯ ನಂತರ ಸಾಮಾನ್ಯ ನಿರ್ಣಯ ಸಾಕು. ಅನಂತರವಷ್ಟೇ ಪ್ರತಿ ಉದ್ಯೋಗಿಗೆ ಮಂಜೂರಾತಿ. ಮಂಜೂರಾದ ಆಪ್ಷನ್ ಒಮ್ಮೆಲೇ ಕೈಗೆ ಬರುವುದಿಲ್ಲ. ಸೇವೆಯ ಅವಧಿಗೆ ತಕ್ಕಂತೆ ಕಂತುಕಂತಾಗಿ ಪಕ್ವವಾಗುತ್ತದೆ, ಇದನ್ನು ವೆಸ್ಟಿಂಗ್ ಎನ್ನುತ್ತಾರೆ. 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮದಂತೆ ಮಂಜೂರಾತಿಗೂ ವೆಸ್ಟಿಂಗಿಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು.

ಇದೇ ನಿಯಮ ಆ ಕಂಪನಿಯ ಒಬ್ಬ ಎಂಜಿನಿಯರರ ಪಾಲಿಗೆ ದುಬಾರಿಯಾಯಿತು. ಏಪ್ರಿಲ್ 1ರಂದು ಕೆಲಸಕ್ಕೆ ಸೇರಿದ ಅವರ ಪತ್ರದಲ್ಲಿ 4,000 ಆಪ್ಷನ್‌ಗಳ ಭರವಸೆಯಿತ್ತು. ಅವು ನಾಲ್ಕು ವರ್ಷಗಳಲ್ಲಿ ಸಮಭಾಗವಾಗಿ ಪಕ್ವವಾಗಬೇಕಿತ್ತು. ಮೀಸಲು ಷೇರುಗಳು ಸಾಲದೆ ಹೋದುದರಿಂದ ವಿಸ್ತರಣೆಯಾಗಿ ಮಂಜೂರಾತಿಯ ನಿರ್ಣಯ ಬಂದದ್ದು ಆಗಸ್ಟ್ 20ಕ್ಕೆ. ಮರುವರ್ಷ ಏಪ್ರಿಲ್‌ಗೆ 1,000 ಆಪ್ಷನ್‌ಗಳು ತಮ್ಮವಾದವೆಂದು ನಂಬಿ ಅವರು ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ನಿಯಮದ ಲೆಕ್ಕದಲ್ಲಿ ಒಂದೂ ಪಕ್ವವಾಗಿರಲಿಲ್ಲ, ಆಗಸ್ಟ್ 20ಕ್ಕೆ ಮೊದಲು ಪಕ್ವವಾಗುವುದು ಸಾಧ್ಯವೂ ಇರಲಿಲ್ಲ. ಇದರಲ್ಲಿ ವಂಚನೆ ಇರಲಿಲ್ಲ, ಆದರೆ ದಿನಾಂಕವನ್ನು ಅವರಿಗೆ ತಿಳಿಸದಿದ್ದುದು ಖಂಡಿತ ಅನ್ಯಾಯ.

ಮಂಡಳಿ ಸಭೆಯ ನಡವಳಿಯನ್ನು ನೋಡುವ ಹಕ್ಕು ಉದ್ಯೋಗಿಗಿರಲಿ, ಷೇರುದಾರನಿಗೂ ಕಾಯ್ದೆಯಲ್ಲಿ ಇಲ್ಲ. ಷೇರುದಾರರಿಗೆ ತೆರೆದಿರುವುದು ಅವರ ಸಾಮಾನ್ಯ ಸಭೆಗಳ ನಡವಳಿ ಮಾತ್ರ. ಹಾಗಾಗಿ ಆಪ್ಷನ್ ಲೆಕ್ಕ ಹಾಕಿಕೊಂಡು ಸಂಬಳದಲ್ಲಿ ರಿಯಾಯಿತಿ ತೋರಿಸುವ ಉದ್ಯೋಗಿಯು ಸೇರಿದ ಕೆಲವೇ ವಾರಗಳಲ್ಲಿ ಮಂಜೂರಾತಿ ಪತ್ರ ಕೇಳಿ, ಅದರಲ್ಲಿ ಮಂಡಳಿಯ ನಿರ್ಣಯದ ದಿನಾಂಕ, ವೆಸ್ಟಿಂಗ್ ಆರಂಭದ ದಿನಾಂಕ ಮತ್ತು ಕಂಪನಿಯ ಒಟ್ಟು ಷೇರುಗಳ ಸಂಖ್ಯೆ, ಮೀಸಲು ಷೇರುಗಳೂ ಸೇರಿದಂತೆ, ನಮೂದಾಗಿವೆಯೇ ಎಂದು ನೋಡಿಕೊಳ್ಳಬೇಕು. ನಿರ್ಣಯ ಇನ್ನೂ ಆಗಿಲ್ಲವೆಂಬ ಉತ್ತರ ಬಂದರೆ, ಮುಂದಿನ ಮಂಡಳಿ ಸಭೆ ಯಾವಾಗ ಎಂದು ಲಿಖಿತವಾಗಿ ಕೇಳಬೇಕು.