ಕೂದಲಿನಲ್ಲಿ ಉಳಿಯುವ ಲೋಹ: ನಿಧಾನವಾಗಿ ಕಪ್ಪಾಗಿಸುವ ಲೋಷನ್ ಮತ್ತು ನಂತರದ ಬ್ಲೀಚ್

ಪ್ರಶ್ನೆ: ದಿನವೂ ಸ್ವಲ್ಪ ಹಚ್ಚುತ್ತ ಹೋದರೆ ಎರಡು ಮೂರು ವಾರಗಳಲ್ಲಿ ನರೆಗೂದಲನ್ನು ಕಪ್ಪಾಗಿಸುವ ಲೋಷನ್‌ಗಳಲ್ಲಿ ಇರುವುದೇನು? ಅವು ಸಾಮಾನ್ಯ ಹೇರ್ ಡೈಗಿಂತ ಹೇಗೆ ಭಿನ್ನ?

ಉತ್ತರ: ಈ ಬಗೆಯ ಲೋಷನ್‌ಗಳಲ್ಲಿ ಬಣ್ಣ ಕೊಡುವ ವಸ್ತು ಸಾಮಾನ್ಯವಾಗಿ ಒಂದು ಲೋಹದ ಲವಣವಾಗಿರುತ್ತದೆ, ಲೋಹವೊಂದು ಆಮ್ಲದ ಅಂಶದೊಡನೆ ಕೂಡಿದಾಗ ಉಂಟಾಗುವ ಸಂಯುಕ್ತವನ್ನು ಲವಣ ಎನ್ನುತ್ತಾರೆ. ಅಮೆರಿಕದಲ್ಲಿ ದಶಕಗಳ ಕಾಲ ಮಾರಾಟವಾದ ಲೋಷನ್‌ಗಳಲ್ಲಿ ಸೀಸದ ಅಸಿಟೇಟ್ ಇರುತ್ತಿತ್ತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 1980ರಲ್ಲಿ ಅದಕ್ಕೆ ಅನುಮತಿ ನೀಡಿ, 2018ರಲ್ಲಿ ಆ ಅನುಮತಿಯನ್ನು ಹಿಂತೆಗೆದುಕೊಳ್ಳುವ ಆದೇಶ ಹೊರಡಿಸಿತು. ಈಗ ಅದರ ಸ್ಥಾನದಲ್ಲಿ ಬಿಸ್ಮತ್ ಸಿಟ್ರೇಟ್ ಬಳಕೆಯಲ್ಲಿದೆ. ಹಳೆಯ ತಯಾರಿಕೆಗಳಲ್ಲಿ ಬೆಳ್ಳಿ ಮತ್ತು ತಾಮ್ರದ ಲವಣಗಳೂ ಇರುತ್ತಿದ್ದವು. ಭಾರತದಲ್ಲಿ ಬಣ್ಣ ಕೊಡುವುದಕ್ಕಾಗಿ ಸೀಸದ ಸಂಯುಕ್ತಗಳನ್ನು ಸೌಂದರ್ಯವರ್ಧಕಗಳಲ್ಲಿ ಬಳಸುವುದನ್ನು ಕಾನೂನು ನಿಷೇಧಿಸಿದೆ. ಆದರೂ ವಿದೇಶದಿಂದ ಬಂದವರು ತಂದುಕೊಟ್ಟ ಹಳೆಯ ಬಾಟಲಿಗಳು ಇಲ್ಲಿನ ಮನೆಗಳಲ್ಲಿ ಉಳಿದಿರುವ ಸಾಧ್ಯತೆಯಿದೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು, ಈ ಪ್ರೋಟೀನಿನಲ್ಲಿ ಗಂಧಕ ಹೇರಳವಾಗಿದೆ, ಜೊತೆಗೆ ಲೋಷನ್‌ನಲ್ಲಿಯೂ ಗಂಧಕವನ್ನೋ ಗಂಧಕದ ಸಂಯುಕ್ತವನ್ನೋ ಸೇರಿಸಿರುತ್ತಾರೆ. ಲೋಹವು ಗಂಧಕದೊಡನೆ ಕೂಡಿದಾಗ ಲೋಹದ ಸಲ್ಫೈಡ್ ಎಂಬ ಕಡುಬಣ್ಣದ, ನೀರಿನಲ್ಲಿ ಕರಗದ ವಸ್ತು ಹುಟ್ಟಿ, ಮುಖ್ಯವಾಗಿ ಕೂದಲಿನ ಹೊರಪದರದ ಮೇಲೆ ತೆಳುವಾಗಿ ಕೂರುತ್ತದೆ. ಪ್ರತಿದಿನದ ಲೇಪನದಿಂದ ಈ ಪದರ ದಪ್ಪವಾಗುತ್ತ ಹೋಗುವುದರಿಂದಲೇ ನರೆಯು ಮೊದಲು ಹಳದಿ ಛಾಯೆಗೆ, ಆಮೇಲೆ ಕಂದಿಗೆ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಅಮೋನಿಯಾ ಇರುವ ಸಾಮಾನ್ಯ ಡೈ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ: ಅದರಲ್ಲಿನ ಬಣ್ಣರಹಿತ ಸಣ್ಣ ಅಣುಗಳು ಕೂದಲಿನ ಒಳಕ್ಕೆ ಇಳಿದು, ಹೈಡ್ರೋಜನ್ ಪೆರಾಕ್ಸೈಡ್‌ನ ನೆರವಿನಿಂದ ಒಂದಕ್ಕೊಂದು ಬೆಸೆದು, ಅಲ್ಲಿಯೇ ಬಣ್ಣದ ದೊಡ್ಡ ಅಣುಗಳಾಗುತ್ತವೆ. ಒಂದು ಹೊರಗೆ ಲೋಹವನ್ನು ಹೊದಿಸುತ್ತದೆ, ಇನ್ನೊಂದಕ್ಕೆ ಒಳಗಿನ ದಾರಿಯೂ ಪೆರಾಕ್ಸೈಡೂ ಬೇಕು. ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಪ್ರಶ್ನೆ: ಇಂಥ ಕೂದಲಿಗೆ ಬ್ಲೀಚ್ ಅಥವಾ ಡೈ ಹಚ್ಚಿದಾಗ ಬಿಸಿಯಾಗುವುದು, ಕೂದಲು ತುಂಡಾಗುವುದು ಏಕೆ?

ಉತ್ತರ: ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿಯೇ ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಸ್ವಭಾವದ ದ್ರವ. ಒಡೆಯುವಾಗ ಅದು ಶಾಖವನ್ನು ಹೊರಬಿಡುತ್ತದೆ. ಆದರೆ ಸಾಮಾನ್ಯ ಕೂದಲಿನ ಮೇಲೆ ಈ ಕ್ರಿಯೆ ಅರ್ಧ ಮುಕ್ಕಾಲು ಗಂಟೆಯುದ್ದಕ್ಕೂ ಮೆಲ್ಲಗೆ ನಡೆಯುವುದರಿಂದ ಆ ಶಾಖ ಅರಿವಿಗೆ ಬಾರದಂತೆ ಗಾಳಿಗೆ ಸೇರಿಹೋಗುತ್ತದೆ. ಕೆಲವು ಲೋಹಗಳು ಮತ್ತು ಅವುಗಳ ಸಂಯುಕ್ತಗಳು ಇಲ್ಲಿ ಕ್ರಿಯಾವರ್ಧಕಗಳಾಗಿ, ಅಂದರೆ ತಾವು ಖರ್ಚಾಗದೆ ಕ್ರಿಯೆಯ ವೇಗವನ್ನು ಮಾತ್ರ ಹೆಚ್ಚಿಸುವ ವಸ್ತುಗಳಾಗಿ ಕೆಲಸ ಮಾಡುತ್ತವೆ. ಖರ್ಚಾಗದ ಕಾರಣ ಲೋಹದ ತೀರ ತೆಳುವಾದ ಪದರವೂ ಸಾಕಷ್ಟು ಪೆರಾಕ್ಸೈಡನ್ನು ಒಡೆಯಬಲ್ಲದು.

ಸೆಲೂನುಗಳಲ್ಲಿ ‘20 ವಾಲ್ಯೂಮ್’ ಎಂದು ಕರೆಯುವ ಡೆವಲಪರ್‌ನಲ್ಲಿ ಶೇ 6ರಷ್ಟು ಪೆರಾಕ್ಸೈಡ್ ಇರುತ್ತದೆ. ಒಂದು ಅಳತೆ ದ್ರಾವಣ ಪೂರ್ತಿ ಒಡೆದರೆ ಸುಮಾರು ಇಪ್ಪತ್ತು ಅಳತೆ ಆಮ್ಲಜನಕ ಹೊರಬರುತ್ತದೆ ಎಂಬುದೇ ಆ ಹೆಸರಿನ ಅರ್ಥ. ಆ ದ್ರಾವಣವೆಲ್ಲ ಶಾಖ ಹೊರಹೋಗಲು ಬಿಡುವಿಲ್ಲದಷ್ಟು ಬೇಗ ಒಡೆದರೆ, ಲೆಕ್ಕದ ಪ್ರಕಾರ ಅದರ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ಡೈ ಅಥವಾ ಬ್ಲೀಚ್ ಪುಡಿಯೊಡನೆ ಕಲಸಿದಾಗ ದ್ರಾವಣ ತೆಳುವಾಗಿ ಈ ಏರಿಕೆ ಕಡಿಮೆಯಾಗುತ್ತದೆ; ಆದರೆ ಶೇ 12ರ ‘40 ವಾಲ್ಯೂಮ್’ ಬಳಸಿದರೆ, ಅಥವಾ ಕೂದಲನ್ನು ಫಾಯಿಲ್‌ನಲ್ಲಿ ಸುತ್ತಿ ಶಾಖ ಹೊರಹೋಗದಂತೆ ಮಾಡಿದರೆ, ನೊರೆ ಉಕ್ಕುವುದು, ಆವಿ ಏಳುವುದು ಮತ್ತು ನೆತ್ತಿಯ ಚರ್ಮ ಸುಡುವುದು ಸಾಧ್ಯವಾಗುತ್ತದೆ. ಅದೇ ಹೊತ್ತಿನಲ್ಲಿ, ಕೆರಾಟಿನ್‌ನ ಎಳೆಗಳನ್ನು ಹಿಡಿದಿಟ್ಟಿರುವ ಗಂಧಕದ ಬಂಧಗಳು ಬಿಸಿ ಮತ್ತು ತೀವ್ರ ಉತ್ಕರ್ಷಣ ಎರಡಕ್ಕೂ ಒಟ್ಟಿಗೆ ಸಿಕ್ಕಿ ಕಡಿಯುವುದರಿಂದ ಕೂದಲು ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ.

ಎಲ್ಲ ಲೋಹಗಳ ವರ್ತನೆ ಒಂದೇ ರೀತಿಯದಲ್ಲ. ತಾಮ್ರವಿರುವ ಕೂದಲಿನಲ್ಲಿ ಕ್ರಿಯೆ ಅತ್ಯಂತ ಉಗ್ರ. ಸೀಸದ ಸಲ್ಫೈಡ್‌ನ ಮಟ್ಟಿಗೆ ಇನ್ನೊಂದು ಕ್ರಿಯೆಯೂ ನಡೆಯುತ್ತದೆ: ಪೆರಾಕ್ಸೈಡ್ ಆ ಕಪ್ಪು ವಸ್ತುವನ್ನು ಸೀಸದ ಸಲ್ಫೇಟ್ ಎಂಬ ಬಿಳಿ ವಸ್ತುವಾಗಿ ಮಾರ್ಪಡಿಸುತ್ತದೆ. ಹಳೆಯ ವರ್ಣಚಿತ್ರಗಳಲ್ಲಿ ಕಪ್ಪಾಗಿಹೋದ ಸೀಸದ ಬಿಳಿ ಬಣ್ಣವನ್ನು ಸರಿಪಡಿಸಲು ಇದೇ ಕ್ರಿಯೆಯನ್ನು ಬಳಸಿದ್ದುಂಟು. ಕೂದಲಿನ ಮೇಲೆ ಇದು ನಡೆದಾಗ, ಲೇಪನ ದಪ್ಪವಾಗಿದ್ದಲ್ಲಿ ಒಂದು ಬಗೆ, ತೆಳುವಾಗಿದ್ದಲ್ಲಿ ಇನ್ನೊಂದು ಬಗೆಯಾಗಿ ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಸೀಸವು ಬಣ್ಣ ಕಳೆದುಕೊಂಡಿರುತ್ತದೆಯೇ ಹೊರತು ಕೂದಲನ್ನು ಬಿಟ್ಟು ಹೋಗಿರುವುದಿಲ್ಲ.

ಬಿಸಿಯೇ ಏರದ ಸಂದರ್ಭದಲ್ಲಿಯೂ ಡೈ ಸರಿಯಾಗಿ ಹತ್ತುವುದಿಲ್ಲ. ಕೂದಲಿನ ಹೊರಪದರವು ಮಾಡಿಗೆ ಹೊದಿಸಿದ ಹೆಂಚುಗಳಂತೆ ಒಂದರ ಮೇಲೊಂದು ಕುಳಿತ ಬಿಲ್ಲೆಗಳಿಂದ ಆಗಿದೆ, ಡೈ ಒಳಗೆ ಇಳಿಯುವುದು ಆ ಬಿಲ್ಲೆಗಳ ಸಂದಿಯಿಂದ. ಸಂದಿಗಳು ಲೋಹದ ಪದರದಿಂದ ಮುಚ್ಚಿದ್ದರೆ ಬಣ್ಣದ ಅಣುಗಳಿಗೆ ದಾರಿ ತಪ್ಪುತ್ತದೆ, ಅವುಗಳನ್ನು ಬೆಸೆಯಬೇಕಾದ ಪೆರಾಕ್ಸೈಡ್ ಹೊರಗೇ ವ್ಯಯವಾಗಿಬಿಡುತ್ತದೆ. ಬೆಳ್ಳಿ ಇದ್ದ ಕೂದಲಿನಲ್ಲಿ ಹಸಿರು, ಸೀಸವಿದ್ದಲ್ಲಿ ನೇರಳೆ, ತಾಮ್ರವಿದ್ದಲ್ಲಿ ಕೆಂಪು ಛಾಯೆ ಇಣುಕುವುದನ್ನು ಕೇಶವಿನ್ಯಾಸದ ಪಠ್ಯಗಳು ಗುರುತಿಸಿವೆ.

ಪ್ರಶ್ನೆ: ಕೂದಲಿನಲ್ಲಿ ಲೋಹವಿದೆಯೇ ಎಂಬುದನ್ನು ಮೊದಲೇ ತಿಳಿಯುವ ಉಪಾಯವಿದೆಯೇ?

ಉತ್ತರ: ಇದೆ, ಸೆಲೂನಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಈ ಪರೀಕ್ಷೆಯನ್ನು ತಲೆಯ ಮೇಲೆ ಮಾಡದೆ, ಕತ್ತರಿಸಿದ ಕೂದಲಿನ ಮೇಲೆ ಮಾಡಬೇಕು. ಹೆಚ್ಚು ಲೋಷನ್ ಬಿದ್ದಿರುವ ಕಡೆಗಳಿಂದ, ಅಂದರೆ ಕಪೋಲದ ಪಕ್ಕದ ನರೆ ಮತ್ತು ನೆತ್ತಿಯ ಕೂದಲಿನ ತುದಿಗಳಿಂದ, ಸಣ್ಣ ಎಳೆಗಳನ್ನು ಕತ್ತರಿಸಿ ದಾರದಿಂದ ಕಟ್ಟಬೇಕು. ಲೋಹದ ಬಟ್ಟಲಿನ ಬದಲು ಗಾಜು ಅಥವಾ ಪಿಂಗಾಣಿಯ ಬಟ್ಟಲಿನಲ್ಲಿ 30 ಮಿಲಿಲೀಟರ್‌ನಷ್ಟು ಶೇ 6ರ ಪೆರಾಕ್ಸೈಡ್‌ಗೆ ಶೇ 28ರ ಅಮೋನಿಯಾ ದ್ರಾವಣದ 20 ಹನಿಗಳನ್ನು ಸೇರಿಸಿ, ಎಳೆಯನ್ನು ಅದರಲ್ಲಿ ಮುಳುಗಿಸಿ 30 ನಿಮಿಷ ಗಮನಿಸಬೇಕು. ಅಮೋನಿಯಾದ ಘಾಟು ಕಣ್ಣು ಮತ್ತು ಶ್ವಾಸನಾಳಕ್ಕೆ ಹಾನಿ ಮಾಡುವುದರಿಂದ ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ, ಅನುಭವವಿರುವವರೇ ಇದನ್ನು ಮಾಡುವುದು ಒಳಿತು.

ಲೋಹವಿಲ್ಲದ ಕಪ್ಪು ಕೂದಲು ಈ ಅವಧಿಯಲ್ಲಿ ನಿಧಾನವಾಗಿ ಸ್ವಲ್ಪ ತಿಳಿಯಾಗುತ್ತದೆ. ಹಾಕಿದ ಕೂಡಲೇ ಬಣ್ಣ ತಿಳಿಯಾದರೆ ಅದು ಸೀಸದ ಲಕ್ಷಣ. ಕೆಲವೇ ನಿಮಿಷಗಳಲ್ಲಿ ದ್ರಾವಣ ಕುದಿಯುವಂತೆ ನೊರೆಯೆದ್ದು, ಬಟ್ಟಲು ಬೆಚ್ಚಗಾಗಿ, ಎಳೆಯನ್ನು ಎಳೆದಾಗ ಪುಡಿಯಾಗಿ ಬಂದರೆ ತಾಮ್ರವಿದೆ ಎಂದು ತಿಳಿಯಬೇಕು. ಅರ್ಧ ಗಂಟೆಯಾದರೂ ಏನೂ ಬದಲಾಗದಿದ್ದರೆ ಅದನ್ನು ಶುಭ ಸೂಚನೆ ಎಂದು ಭಾವಿಸಬಾರದು. ಬೆಳ್ಳಿಯ ಪದರ ದ್ರಾವಣವನ್ನು ಒಳಗೇ ಬಿಟ್ಟಿಲ್ಲ ಎಂಬ ಅರ್ಥ ಅದಕ್ಕಿರಬಹುದು. ಎಳೆಯ ಬಣ್ಣ, ಬಿಸಿ, ಬಲ ಇವುಗಳಲ್ಲಿ ಯಾವುದೇ ಒಂದು ಅಸಹಜವಾಗಿ ಕಂಡರೂ ಬ್ಲೀಚ್, ಡೈ ಎರಡನ್ನೂ ಕೈಬಿಡಬೇಕು.

ನಮ್ಮ ಕಡೆಯ ಒಂದು ರೂಢಿಯನ್ನೂ ಇಲ್ಲಿ ನೆನೆಯಬೇಕಾಗುತ್ತದೆ. ಶುದ್ಧ ಮದರಂಗಿಯ ಬಣ್ಣ ಸಸ್ಯಜನ್ಯವಾದದ್ದು, ಅದರಲ್ಲಿ ಲೋಹದ ಲೇಪನವಿಲ್ಲ. ಆದರೆ ಬಣ್ಣ ಗಾಢವಾಗಲೆಂದು ಮದರಂಗಿಯನ್ನು ಚಹಾ ಡಿಕಾಕ್ಷನ್‌ನೊಡನೆ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದಾಗ ಕರಗುವ ಕಬ್ಬಿಣದ ಅಂಶ ಕೂದಲಿಗೂ ಹತ್ತುತ್ತದೆ, ಕಬ್ಬಿಣವೂ ಪೆರಾಕ್ಸೈಡನ್ನು ಒಡೆಯಬಲ್ಲ ಲೋಹವೇ. ಈ ರೀತಿ ವರ್ಷಗಟ್ಟಲೆ ಹಚ್ಚಿಕೊಂಡವರೂ ಬ್ಲೀಚ್‌ಗೆ ಮುನ್ನ ಎಳೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ಸೀಸದ ಅಸಿಟೇಟ್ ಎಂದು ನಮೂದಿಸಿದ್ದ ಲೋಷನ್ ಅನ್ನು ಎರಡು ವರ್ಷ ಬಳಸಿ, ಮೂರು ತಿಂಗಳ ಹಿಂದೆ ನಿಲ್ಲಿಸಿದ 58 ವರ್ಷದ ಪುರುಷರೊಬ್ಬರು ಎರಡು ತಿಂಗಳ ನಂತರ ಬರುವ ಮಗಳ ಮದುವೆಗೆ ಅಮೋನಿಯಾ ಡೈ ಹಾಕಿಸಬಹುದೇ? ಅವರ ಕೂದಲು ಈಗ ಸುಮಾರು 6 ಸೆಂಟಿಮೀಟರ್ ಉದ್ದವಿದೆ.

ಉತ್ತರ: ಈಗ ಹಾಕಿಸಬಾರದು, ಮದುವೆಯ ಹೊತ್ತಿಗೆ ಹಾಕಿಸಲು ದಾರಿಯಿದೆ. ತಲೆಗೂದಲು ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ 3 ಸೆಂಟಿಮೀಟರ್ ಲೋಷನ್ ನಿಂತ ಮೇಲೆ ಹುಟ್ಟಿದ ಹೊಸ ಕೂದಲು, ತುದಿಯ 3 ಸೆಂಟಿಮೀಟರ್ ಸೀಸ ಹೊತ್ತ ಹಳೆಯ ಕೂದಲು. ಇನ್ನೆರಡು ತಿಂಗಳು ಬಿಟ್ಟರೆ ಬುಡದ ಶುದ್ಧ ಭಾಗ 5 ಸೆಂಟಿಮೀಟರ್‌ಗೆ ತಲುಪುತ್ತದೆ. ಆಗ ತುದಿಯ ಹಳೆಯ ಭಾಗವನ್ನೂ, ಎಲ್ಲ ಕೂದಲು ಸಮನಾಗಿ ಬೆಳೆಯದ ಕಾರಣ ಅದರ ಕೆಳಗಿನ ಒಂದು ಸೆಂಟಿಮೀಟರನ್ನೂ ಸೇರಿಸಿ ಕತ್ತರಿಸಿದರೆ, 4 ಸೆಂಟಿಮೀಟರ್ ಉದ್ದದ, ಪುರುಷರಿಗೆ ಸಾಕೆನಿಸುವ ಕೂದಲು ಉಳಿಯುತ್ತದೆ. ಅದರಿಂದ ತೆಗೆದ ಎಳೆಯ ಮೇಲೆ ಮೇಲಿನ ಪರೀಕ್ಷೆ ನಡೆಸಿ, ಡೈಗೆ ಅಲರ್ಜಿ ಇಲ್ಲವೆಂಬುದನ್ನು 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷಿಸಿ ಮುಂದುವರಿಯಬಹುದು.

ಲೋಹವನ್ನು ತೆಗೆಯುವುದಾಗಿ ಹೇಳುವ ಶಾಂಪೂಗಳು ಮತ್ತು ಎಣ್ಣೆಯ ಉಪಚಾರಗಳು ಪದರವನ್ನು ಒಂದಿಷ್ಟು ಸಡಿಲಿಸಬಹುದಾದರೂ ಕರಗದ ಸಲ್ಫೈಡನ್ನು ಪೂರ್ತಿ ತೊಳೆಯುತ್ತವೆಂದು ನಂಬುವಂತಿಲ್ಲ. ಅವುಗಳ ಬಳಿಕವೂ ಎಳೆಯ ಪರೀಕ್ಷೆ ತಪ್ಪದು. ಉಳಿದ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಪ್ರತ್ಯೇಕಿಸಿಡಬೇಕು, ಏಕೆಂದರೆ ಹಚ್ಚಿದ ಕೈಯಿಂದ ಬಾಚಣಿಗೆ, ದಿಂಬು, ನಲ್ಲಿಗಳಿಗೆ ಅಂಟುವ ಸೀಸ ಅಲ್ಲಿಂದ ಬಾಯಿ ಸೇರುವುದೇ ಆ ಲೋಷನ್‌ನ ದೊಡ್ಡ ಅಪಾಯ.

ಪ್ರಶ್ನೆ: ಡೈ ಹಚ್ಚಿದ ಮೇಲೆ ತಲೆ ಬಿಸಿಯಾಗತೊಡಗಿದರೆ ತಕ್ಷಣ ಏನು ಮಾಡಬೇಕು?

ಉತ್ತರ: ನಿಗದಿತ ಸಮಯ ಮುಗಿಯಲೆಂದು ಒಂದು ನಿಮಿಷವೂ ಕಾಯದೆ, ಫಾಯಿಲ್ ಬಿಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಇಳಿಯದಂತೆ ತಣ್ಣನೆಯ ನಲ್ಲಿನೀರಿನ ಧಾರೆಯಲ್ಲಿ 20 ನಿಮಿಷ ತೊಳೆಯಬೇಕು, ನೀರು ಪೆರಾಕ್ಸೈಡನ್ನು ತೆಳುಗೊಳಿಸುತ್ತದೆ ಮತ್ತು ಶಾಖವನ್ನು ಒಯ್ಯುತ್ತದೆ. ವಿನೆಗರ್, ನಿಂಬೆರಸ, ಟೂತ್‌ಪೇಸ್ಟ್, ಮಂಜುಗಡ್ಡೆ ಇವುಗಳಲ್ಲಿ ಯಾವುದನ್ನೂ ಸುಟ್ಟ ಚರ್ಮಕ್ಕೆ ಹಚ್ಚಬಾರದು. ಬೊಕ್ಕೆ ಎದ್ದರೆ, ಚರ್ಮ ಬಿಳಿಚಿದರೆ ಅಥವಾ ಸ್ಪರ್ಶ ತಿಳಿಯದಂತಾದರೆ ಆ ದಿನವೇ ವೈದ್ಯರನ್ನು ಕಾಣಬೇಕು, ಏಕೆಂದರೆ ನೆತ್ತಿಯ ಆಳವಾದ ಸುಟ್ಟಗಾಯವು ಕೂದಲಿನ ಬೇರನ್ನೇ ನಾಶಮಾಡಿ ಆ ಜಾಗದಲ್ಲಿ ಮತ್ತೆಂದೂ ಕೂದಲು ಬಾರದಂತೆ ಮಾಡಬಲ್ಲದು. ತುಂಡಾದ ಕೂದಲು ಬೇರು ಉಳಿದಿದ್ದರೆ ಮರಳಿ ಬೆಳೆಯುತ್ತದೆ, ಮತ್ತು ಹಾಗೆ ಬೆಳೆದ ಕೂದಲು ಲೋಹವಿಲ್ಲದ ಕೂದಲಾಗಿರುತ್ತದೆ.