ಫೋಟೋದ ಹಿಂಬದಿಯ ಬರಹ: ನಕಲಿಸುವುದು ಹೇಗೆ?

ಗಂಗಾವಳಿ ನದಿಯ ದಡದಲ್ಲಿ ತೆಗೆದ ಒಂದು ಹಳೆಯ ಫೋಟೋ ಮಂಜಗುಣಿಯ ನಮ್ಮ ಮನೆಯಲ್ಲಿದೆ. ನಾಲ್ವರು ನಿಂತಿದ್ದಾರೆ, ಮುಂದೆ ಒಂದು ಮಗು ಕುಳಿತಿದೆ. ಹಿಂಬದಿಯಲ್ಲಿ ಉರ್ದು ಲಿಪಿಯಲ್ಲಿ ‘ಖಡೇ, ದಾಯೇಂ ಸೇ’ ಎಂದು ಬರೆದು ನಾಲ್ಕು ಹೆಸರು, ಕೆಳಗೆ 1400 ಎಂದಿದೆ.

ಮೊದಲು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ `001_front.jpg`, `001_back.jpg` ಎಂದು ಒಂದೇ ಸಂಖ್ಯೆ ಕೊಡಬೇಕು. ಇಲ್ಲವಾದರೆ ಬರಹ ಬೇರೆ ಫೋಟೋಗೆ ಸೇರಿಹೋಗುತ್ತದೆ. ಆಮೇಲೆ ಬರಹವನ್ನು ತಿದ್ದದೆ, ಇದ್ದ ಹಾಗೆಯೇ ನಕಲಿಸಬೇಕು. ನಾವು ಸೇರಿಸಿದ್ದನ್ನು ಚೌಕ ಕಂಸದೊಳಗೆ ಇಡಬೇಕು.

‘ಖಡೇ’ ಎಂದರೆ ನಿಂತವರು. ಆದ್ದರಿಂದ ಮಗು ಈ ಪಟ್ಟಿಗೆ ಸೇರುವುದಿಲ್ಲ. ‘ದಾಯೇಂ ಸೇ’ ಎಂದರೆ ಬಲದಿಂದ. ಆದರೆ ನೋಡುವವರ ಬಲವೋ, ನಿಂತವರ ಬಲವೋ? ಇದನ್ನು ತಿಳಿಯಲು ಗುರುತು ಸಿಗುವ ಒಬ್ಬರು ಬೇಕು. ಎರಡನೆಯ ಹೆಸರು ನನ್ನ ನಾನಾ ಅವರದು. ಚಿತ್ರದಲ್ಲಿ ಅವರು ನಮ್ಮ ಬಲದಿಂದ ಎರಡನೆಯವರು. ಹಾಗಾಗಿ ಹೆಸರುಗಳೂ ನಮ್ಮ ಬಲದಿಂದಲೇ ಹೊಂದುತ್ತವೆ. ಕನ್ನಡದಲ್ಲಿ ‘ಎಡದಿಂದ’ ಎಂದು ಬರೆಯುವುದಾದರೆ ಕ್ರಮವನ್ನು ತಿರುಗಿಸಬೇಕು. ಆಗ ನಾನಾ ಮೂರನೆಯವರಾಗುತ್ತಾರೆ.

1400 ಎನ್ನುವುದು ಹಿಜರಿ ವರ್ಷ. ಅದು 1979ರ ನವೆಂಬರ್‌ನಲ್ಲಿ ಶುರುವಾಗಿ 1980ರ ನವೆಂಬರ್‌ನಲ್ಲಿ ಮುಗಿಯಿತು. ತಿಂಗಳು ಬರೆದಿಲ್ಲವಾದ್ದರಿಂದ ಒಂದೇ ಇಸವಿ ಆರಿಸದೆ, 1400ರ ಪಕ್ಕದಲ್ಲಿ [1979–80] ಎಂದಷ್ಟೇ ಬರೆಯಬೇಕು.