ವಿದೇಶಕ್ಕೆ ಹೊರಟವರ ಆ್ಯಪ್ ಸ್ಟೋರ್ ಖಾತೆ: ದುಡ್ಡು, ಚಂದಾ, ಕೊಂಡ ಸಿನಿಮಾ ಏನಾಗುತ್ತವೆ?

ಕೆಲಸ ಸಿಕ್ಕಿ ಬರ್ಲಿನ್‌ಗೆ ಹೊರಟವರು ಬಾಡಿಗೆ ಮನೆಯ ಮುಂಗಡ ವಾಪಸ್ ಪಡೆಯುತ್ತಾರೆ, ಬ್ಯಾಂಕ್ ಖಾತೆಯನ್ನು ಎನ್‌ಆರ್‌ಒಗೆ ಬದಲಿಸಿಕೊಳ್ಳುತ್ತಾರೆ. ಫೋನಿನ ಆ್ಯಪ್ ಸ್ಟೋರ್ ಖಾತೆ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಜರ್ಮನಿಯ ಬ್ಯಾಂಕಿನದೋ ಸಾರಿಗೆಯದೋ ಆ್ಯಪ್ ಹಾಕಿಕೊಳ್ಳಲು ಹೋದಾಗ, ಅದು ನಿಮ್ಮ ದೇಶದ ಸ್ಟೋರ್‌ನಲ್ಲಿ ಸಿಗುವುದಿಲ್ಲ ಎಂಬ ಸಂದೇಶ ಬಂದಾಗಲೇ ಅದರ ನೆನಪಾಗುವುದು.

ಐಫೋನ್ ಇರುವವರೊಬ್ಬರ ಲೆಕ್ಕ ನೋಡೋಣ. ಉದಾಹರಣೆ ಕಲ್ಪಿತ, ನಿಯಮ ನಿಜ. ಶಿವಮೊಗ್ಗದ ಎಂಜಿನಿಯರ್ ಒಬ್ಬರು ಜೂನ್‌ನಲ್ಲಿ ಹೊರಡುತ್ತಾರೆ. ಆ್ಯಪಲ್ ಖಾತೆಯಲ್ಲಿ ₹1,340 ಬಾಕಿ ಇದೆ. ಐಕ್ಲೌಡ್‌ಗೆ ತಿಂಗಳ ಚಂದಾ, ಯೋಗದ ಆ್ಯಪ್ ಒಂದಕ್ಕೆ ಜನವರಿಯಲ್ಲಿ ಕಟ್ಟಿದ ವರ್ಷದ ಚಂದಾ. ಜತೆಗೆ ಕೊಂಡುಕೊಂಡ ಹತ್ತಾರು ಸಿನಿಮಾಗಳು.

ಮೊದಲು ದುಡ್ಡು. ರೂಪಾಯಿಯ ಬಾಕಿ ಯೂರೋ ಆಗುವುದಿಲ್ಲ. ಬಾಕಿ ಪೂರ್ತಿ ಖರ್ಚಾಗುವವರೆಗೆ ದೇಶ ಬದಲಿಸಲು ಆ್ಯಪಲ್ ಬಿಡುವುದೇ ಇಲ್ಲ. ಹಾಗಾಗಿ ಹೊರಡುವ ಎರಡು ಮೂರು ತಿಂಗಳ ಮೊದಲೇ ಹೊಸದಾಗಿ ದುಡ್ಡು ತುಂಬುವುದನ್ನು ನಿಲ್ಲಿಸಿ, ಐಕ್ಲೌಡ್ ಚಂದಾ ಆ ಬಾಕಿಯಿಂದಲೇ ಕಡಿತವಾಗಲು ಬಿಡುವುದು ಜಾಣತನ. ಕೊನೆಗೆ ಏನನ್ನೂ ಕೊಳ್ಳಲು ಸಾಲದಷ್ಟು ಚಿಲ್ಲರೆ ಉಳಿದರೆ ಆ್ಯಪಲ್ ಸಪೋರ್ಟ್‌ಗೆ ಹೇಳಿ ಅದನ್ನು ತೆಗೆಸಬೇಕು. ಅದು ಬ್ಯಾಂಕಿಗೆ ಮರಳಿ ಬರುತ್ತದೆಂದು ಕಾಯಬೇಡಿ.

ನಿಜವಾದ ತೊಡಕು ಚಂದಾದಲ್ಲಿದೆ. ರದ್ದು ಮಾಡಿದರೆ ನಿಲ್ಲುವುದು ಮುಂದಿನ ನವೀಕರಣವಷ್ಟೇ. ಕಟ್ಟಿದ ಅವಧಿ ಮುಗಿಯುವವರೆಗೂ ಚಂದಾ ಜೀವಂತವಾಗಿರುತ್ತದೆ. ಅವಧಿ ಮುಗಿದ ಮೇಲೆಯೇ ದೇಶ ಬದಲಿಸಿ ಎನ್ನುತ್ತದೆ ನಿಯಮ. ಯೋಗದ ಆ್ಯಪ್‌ನಿಂದಾಗಿ ನಮ್ಮ ಎಂಜಿನಿಯರ್ ಬರ್ಲಿನ್‌ನಲ್ಲಿ ಕುಳಿತು ಮುಂದಿನ ಜನವರಿಯವರೆಗೆ ಕಾಯಬೇಕಾಗಬಹುದು! reportaproblem.apple.com ನಲ್ಲಿ ಮರುಪಾವತಿ ಕೇಳಬಹುದು, ಸಿಗುವ ಖಾತರಿ ಇಲ್ಲ. ಐಕ್ಲೌಡ್‌ನದು ಬೇರೆಯೇ ತಲೆನೋವು. ಚಂದಾ ಮುಗಿದ ಕೂಡಲೇ ಜಾಗ ಉಚಿತದ 5 ಜಿಬಿಗೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಫೋಟೊ ಇದ್ದರೆ ಹೊಸವು ಮೇಲೇರುವುದಿಲ್ಲ, ಬ್ಯಾಕಪ್ ನಿಲ್ಲುತ್ತದೆ. ಅದಕ್ಕೂ ಮೊದಲೇ ಫೋಟೊಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ.

ಕುಟುಂಬದೊಡನೆ ಖಾತೆ ಹಂಚಿಕೊಂಡವರಿಗೆ ಇನ್ನೊಂದು ಅಡ್ಡಿ: ಫ್ಯಾಮಿಲಿ ಶೇರಿಂಗ್ ಗುಂಪಿನಲ್ಲಿದ್ದರೆ ಬದಲಾವಣೆಗೆ ಅವಕಾಶ ಸಿಗದಿರಬಹುದು. ಇವೆಲ್ಲ ಮುಗಿದು, ಜರ್ಮನಿಯ ಕಾರ್ಡ್ ಕೈಗೆ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, Media & Purchases, View Account, Country/Region ದಾರಿ ಹಿಡಿಯಬೇಕು.

ಇನ್ನು ಕೊಂಡ ಸಿನಿಮಾ, ಪುಸ್ತಕ. ಸ್ಟೋರ್‌ನ ಷರತ್ತುಗಳ ಪ್ರಕಾರ ನಿಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಹೊಸ ದೇಶದಲ್ಲಿ ಆ ಸಿನಿಮಾದ ಹಕ್ಕು ಸ್ಟೋರ್ ಬಳಿ ಇಲ್ಲದಿದ್ದರೆ ಅದನ್ನು ಮತ್ತೆ ಇಳಿಸಿಕೊಳ್ಳಲು ಆಗದಿರಬಹುದು. ಬೇಕಾದ್ದನ್ನೆಲ್ಲ ಬದಲಾವಣೆಗೆ ಮುಂಚೆಯೇ ಇಳಿಸಿಡಿ. ಊರಿನ ಬ್ಯಾಂಕಿನ ಆ್ಯಪ್ ಹೊಸ ದೇಶದ ಸ್ಟೋರ್‌ನಲ್ಲಿ ಇದೆಯೇ ಎಂದೂ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಅಪ್‌ಡೇಟ್‌ಗೆ ತೊಂದರೆಯಾಗುತ್ತದೆ. ಈ ಕಾರಣಕ್ಕೇ ಹಲವರು ಹಳೆಯ ಖಾತೆಯನ್ನು ಹಾಗೇ ಬಿಟ್ಟು, ಜರ್ಮನಿಯ ಹೆಸರಲ್ಲಿ ಎರಡನೆಯ ಖಾತೆ ತೆರೆದು Media & Purchases ಗೆ ಅದನ್ನು ಬಳಸುತ್ತಾರೆ. ವರ್ಷದ ಚಂದಾ ಸಿಕ್ಕಿಹಾಕಿಕೊಂಡವರಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಆದರೆ ಒಂದು ಖಾತೆಯ ಹಳೆಯ ಖರೀದಿಯನ್ನು ಫೋನಿಗೆ ಮತ್ತೆ ಇಳಿಸಿಕೊಂಡರೆ, ಇನ್ನೊಂದು ಖಾತೆಯದನ್ನು ಹಾಗೆ ಇಳಿಸಲು 90 ದಿನ ಕಾಯಬೇಕಾಗಬಹುದು. ಎರಡು ಖಾತೆಗಳ ಖರೀದಿಗಳನ್ನು ಒಂದಾಗಿಸುವ ಸೌಲಭ್ಯವನ್ನು ಆ್ಯಪಲ್ 2025ರಲ್ಲಿ ತಂದಾಗ ಭಾರತವನ್ನು ಅದರಿಂದ ಹೊರಗಿಟ್ಟಿತ್ತು.

ಆಂಡ್ರಾಯ್ಡ್‌ನಲ್ಲಿ ಲೆಕ್ಕ ಬೇರೆ. ಗೂಗಲ್ ಪ್ಲೇಯ ರೂಪಾಯಿ ಬಾಕಿ ಹೊಸ ದೇಶದಲ್ಲಿ ನಡೆಯದಿದ್ದರೂ ಅಳಿಸಿಹೋಗುವುದಿಲ್ಲ. ಮುಂದೆ ಭಾರತಕ್ಕೆ ಖಾತೆ ಮರಳಿಸಿದರೆ ಬಳಸಬಹುದು. ಆದರೆ ದೇಶ ಬದಲಿಸಲು ವರ್ಷಕ್ಕೆ ಒಂದೇ ಅವಕಾಶ. ಆರು ತಿಂಗಳ ಪ್ರಾಜೆಕ್ಟ್‌ಗೆ ಹೋದವರು ದುಡುಕಬಾರದು.

ಕಂಪನಿ ತನ್ನ ನಿಯಮವನ್ನೇ ಮೀರಿದರೆ, ಉದಾಹರಣೆಗೆ ರದ್ದಾದ ಚಂದಾಕ್ಕೆ ಮತ್ತೆ ದುಡ್ಡು ಕಡಿತ ಮಾಡಿದರೆ, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಸೇವೆಗೆ ಕೊಟ್ಟ ಮೊತ್ತ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು, ಕಾಲಮಿತಿ ಎರಡು ವರ್ಷ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವಾಸ ಬರ್ಲಿನ್‌ಗೆ ಹೋದಮೇಲೆ ಆ ಆಧಾರ ದುರ್ಬಲವಾಗುತ್ತದೆ, ಆಗ ವ್ಯವಹಾರ ನಡೆದದ್ದು ಎಲ್ಲಿ ಎಂಬುದನ್ನು ತೋರಿಸಬೇಕು. ಹಾಗಾಗಿ ತಕರಾರು ಮೊದಲೇ ಇದ್ದರೆ ಹೊರಡುವ ಮುನ್ನ ದಾಖಲಿಸಿ. ಖಾತೆಯ ಬಾಕಿ, ಚಂದಾ ಮುಗಿಯುವ ದಿನಾಂಕ, ಖರೀದಿಯ ಇಮೇಲ್ ರಸೀದಿ, ಈ ಮೂರರ ಸ್ಕ್ರೀನ್‌ಶಾಟ್ ದೇಶ ಬದಲಿಸುವ ಮುಂಚೆ ತೆಗೆದಿಡಿ.